ಅಳ್ಳೆ ಎಣಿಸಿ ನೋಡಿ: ಬೇಸಿಗೆಯಲ್ಲಿ ಹಾಲು ಇಳಿದರೆ ದೋಷ ಹುಡುಕುವ ಬಗೆ

ಏಪ್ರಿಲ್ ಎರಡನೇ ವಾರ. ಅರಸೀಕೆರೆ ಕಡೆಯಿಂದ ನಮ್ಮ ಅಕ್ಕ ಫೋನ್ ಮಾಡಿದಳು. "ಹಾಲು ಇಳಿದುಬಿಟ್ಟಿದೆ ಕಣೋ. ಹೋದ ವಾರ ತಂದ ಫೀಡ್ ಸರಿಯಿಲ್ಲ ಅನ್ಸುತ್ತೆ." ಬೆಳಿಗ್ಗೆ 16, ಸಂಜೆ 12 ಲೀಟರ್ ಡೇರಿಗೆ ಹಾಕುತ್ತಿದ್ದ ಮನೆ ಅದು. ಈಗ 13 ಮತ್ತು 8ಕ್ಕೆ ಬಂದಿತ್ತು. ಡೇರಿ ಚೀಟಿಯಲ್ಲಿ ಕೊಬ್ಬು ಬಿಟ್ಟು ಮಿಕ್ಕ ಗಟ್ಟಿ ಅಂಶ ತೋರಿಸುವ ಎಸ್‌ಎನ್‌ಎಫ್ 8.5 ಇದ್ದದ್ದು 8.2 ಆಗಿತ್ತು. ಫೀಡ್ ಮೂಟೆ ವಾಪಸ್ ಕೊಟ್ಟು ಬೇರೆ ತಂದಾಗಿತ್ತು. ಕ್ಯಾಲ್ಸಿಯಂ ಬಾಟಲಿ ಎರಡು ಕುಡಿಸಿಯಾಗಿತ್ತು. ಹಾಲು ಮಾತ್ರ ಏರಲಿಲ್ಲ.

ಬಿಸಿಲಿನ ಹೊಡೆತ ಇರಬಹುದು ಅಂದೆ. ಅಕ್ಕ ಒಪ್ಪಲಿಲ್ಲ. "ಹಾಲು ಇಳಿದ ದಿನ ಮೋಡ ಮುಚ್ಚಿತ್ತು, ಬಿಸಿಲೇ ಇರಲಿಲ್ಲ" ಅಂದಳು. ತುಂಬಾ ಮನೆಗಳಲ್ಲಿ ಎಡವುವುದು ಇಲ್ಲೇ. ಬಿಸಿಲು ಹೊಡೆದ ದಿನವೇ ಹಾಲು ಪೂರ್ತಿ ಇಳಿಯುವುದಿಲ್ಲ. ಹಸು ಆ ದಿನ ಮೇವು ಬಿಡುತ್ತದೆ, ಮೆಲುಕು ಕಡಿಮೆ ಮಾಡುತ್ತದೆ. ಹಾಲಿನಲ್ಲಿ ಅದು ಚೆನ್ನಾಗಿ ಕಾಣುವುದು ಒಂದೆರಡು ದಿನ ಬಿಟ್ಟು. ಹಾಗಾಗಿ ಮಂಗಳವಾರ ಹಾಲು ಇಳಿದರೆ ಭಾನುವಾರ ಹೇಗಿತ್ತು ಅಂತ ನೆನಪಿಸಿಕೊಳ್ಳಬೇಕು. ಆ ಭಾನುವಾರ ಒಲೆಯ ಮುಂದೆ ಕೂತ ಹಾಗಿತ್ತು ಅಂತ ಅಕ್ಕನೇ ಆಮೇಲೆ ಹೇಳಿದಳು.

ಮೊದಲ ಪರೀಕ್ಷೆ: ಅಳ್ಳೆ

ಔಷಧಿ, ಫೀಡ್ ಯಾವುದಕ್ಕೂ ಕೈ ಹಾಕುವ ಮುಂಚೆ ಮಧ್ಯಾಹ್ನ ಎರಡೂವರೆ ಹೊತ್ತಿಗೆ ಕೊಟ್ಟಿಗೆಗೆ ಹೋಗಿ. ಹಸುವಿನ ಹಿಂದೆ ಒಂದು ಮಾರು ದೂರ, ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಮುಟ್ಟಬೇಡಿ, ಎಬ್ಬಿಸಬೇಡಿ. ಅಳ್ಳೆ ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ 30 ಸೆಕೆಂಡ್ ಇಟ್ಟು ಎಣಿಸಿ, ಎರಡರಿಂದ ಗುಣಿಸಿ. ಒಂದೊಂದು ಹಸುವಿನದನ್ನೂ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ನೆನಪಿಟ್ಟುಕೊಳ್ಳುತ್ತೇವೆ ಅಂದುಕೊಂಡರೆ ಸಂಜೆಗೆ ಮರೆತಿರುತ್ತೀರಿ.

ತಂಪು ಹೊತ್ತಿನಲ್ಲಿ ಸುಮ್ನೆ ನಿಂತ ಹಸು ನಿಮಿಷಕ್ಕೆ ಸುಮಾರು 15ರಿಂದ 35 ಸಲ ಉಸಿರಾಡುತ್ತದೆ. 60 ದಾಟಿದರೆ ಬಿಸಿ ಅದರ ಮೇಲೆ ಕೆಲಸ ಮಾಡುತ್ತಿದೆ ಅಂತ ತಿಳಿಯಿರಿ. 80 ದಾಟಿದರೆ ಹಾಲು ಇಳಿಯುತ್ತಿದೆ, ಚೀಟಿಯಲ್ಲಿ ಇನ್ನೂ ಕಂಡಿರಲಿಕ್ಕಿಲ್ಲ ಅಷ್ಟೆ. 100 ದಾಟಿ ಬಾಯಿ ತೆರೆದು ತೇಕುತ್ತಿದ್ದರೆ ಈ ಕೈಪಿಡಿ ಓದುತ್ತಾ ಕೂರಬೇಡಿ, ಕೆಳಗೆ "ಕೈ ಮೀರಿದಾಗ" ಅಂತ ಬರೆದಿರುವಲ್ಲಿಗೆ ಹೋಗಿ.

ನಾನು ಅಕ್ಕನ ಮನೆಗೆ ಹೋದ ದಿನ ಎಣಿಸಿದ್ದು ಹೀಗೆ. 13 ಲೀಟರ್ ಕೊಡುವ ಕರಿ ಎಚ್‌ಎಫ್ 88. 10 ಲೀಟರಿನ ಚುಕ್ಕೆ ಎಚ್‌ಎಫ್ 84. ಎಂಟು ತಿಂಗಳ ಗಬ್ಬದ, ಹಾಲು ಬತ್ತಿಸಿದ ಹಸು 76. 6 ಲೀಟರ್ ಕೊಡುವ ಜೆರ್ಸಿ 96. ಅದೇ ಸೂರಿನ ಕೊನೆಯಲ್ಲಿ ಕಟ್ಟಿದ್ದ ಹಳ್ಳಿಕಾರ್ ಎತ್ತು 30. ಎತ್ತು ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಾ ಮಲಗಿತ್ತು. ಮಿಕ್ಕ ನಾಲ್ಕೂ ನಿಂತೇ ಇದ್ದವು.

ನಿಂತೇ ಇರುವುದೂ ಒಂದು ಗುರುತು, ಅಳ್ಳೆಗಿಂತ ಮೊದಲು ಕಾಣುವಂಥದ್ದು. ಬಿಸಿ ಆದಾಗ ಹಸು ಮಲಗುವುದಿಲ್ಲ, ಹೊಟ್ಟೆಯ ಕೆಳಗೂ ಗಾಳಿ ಆಡಲಿ ಅಂತ ನಿಲ್ಲುತ್ತದೆ. ಬಾನಿ ಹತ್ತಿರ ಮೂತಿ ಚಾಚುತ್ತದೆ. ಬೂಸಾ ತಿಂದು ಹುಲ್ಲು ಬಿಡುತ್ತದೆ. ಎರಡು ಗಂಟೆಗೆ ಎಲ್ಲಾ ಹಸುಗಳೂ ನಿಂತಿವೆ, ಒಂದೂ ಮೆಲುಕು ಹಾಕುತ್ತಿಲ್ಲ ಅಂದರೆ ಅಲ್ಲೇ ಅನುಮಾನ ಶುರುವಾಗಬೇಕು. ಬಾಯಿಂದ ಜೊಲ್ಲು ಇಳಿಯುವುದು, ಕತ್ತು ಮುಂದಕ್ಕೆ ಚಾಚುವುದು ಇವೆಲ್ಲ ಆಮೇಲಿನ ಗುರುತುಗಳು.

ಬಿಸಿಲೋ, ಜ್ವರವೋ

ಒಂದೇ ಹಸು ತೇಕುತ್ತಿದ್ದು ಮಿಕ್ಕವು ಆರಾಮಾಗಿದ್ದರೆ ಬಿಸಿಲನ್ನು ದೂರಬೇಡಿ, ಬೇರೆ ಕಾಯಿಲೆ ಹುಡುಕಿ. ಬಿಸಿಲು ಎಲ್ಲಕ್ಕೂ ಒಟ್ಟಿಗೆ ತಟ್ಟುತ್ತದೆ. ಜಾಸ್ತಿ ಹಾಲಿನದಕ್ಕೆ, ತುಂಬು ಗಬ್ಬದ್ದಕ್ಕೆ, ಕಪ್ಪು ಮೈಯದ್ದಕ್ಕೆ ಹೆಚ್ಚು. ಹಾಲು ಜಾಸ್ತಿ ಕೊಡುವ ಹಸು ಜಾಸ್ತಿ ತಿನ್ನುತ್ತದೆ. ತಿಂದದ್ದು ಹೊಟ್ಟೆಯಲ್ಲಿ ಹುಳಿಯುವಾಗಲೇ ಬಿಸಿ ಹುಟ್ಟುತ್ತದೆ. ಒಳಗೊಂದು ಒಲೆ, ಹೊರಗೊಂದು ಒಲೆ.

ಥರ್ಮಾಮೀಟರ್ ಇದ್ದರೆ ಗೊಂದಲ ಬೇಗ ಬಿಡುತ್ತದೆ. ಮೆಡಿಕಲ್ ಅಂಗಡಿಯ ಡಿಜಿಟಲ್ ಥರ್ಮಾಮೀಟರೇ ಸಾಕು. ಹಿಂಬದಿಗೆ ದಾರ ಕಟ್ಟಿಕೊಳ್ಳಿ, ತುದಿಗೆ ಸ್ವಲ್ಪ ಎಣ್ಣೆ ಸವರಿ, ಗುದದ್ವಾರದಲ್ಲಿ ಒಳಗೋಡೆಗೆ ಒತ್ತಿ ಹಿಡಿಯಿರಿ. ಸಗಣಿಯೊಳಗೆ ಚುಚ್ಚಿದರೆ ತಪ್ಪು ಲೆಕ್ಕ ಬರುತ್ತದೆ. 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇದ್ದರೆ ಸರಿ. 102.5 ದಾಟಿದರೆ ಮೈ ಕಾದಿದೆ. ಮಧ್ಯಾಹ್ನ 103.5 ಇದ್ದದ್ದು ನೀರು, ಗಾಳಿ ಕೊಟ್ಟ ಮೇಲೆ ಇಳಿದು ಬೆಳಗಿನ ಜಾವ ಐದಕ್ಕೆ 101.5 ಆದರೆ ಅದು ಬಿಸಿಲಿನದೇ. ಬೆಳಗಿನ ತಂಪಿನಲ್ಲೂ 104 ಇದೆ ಅಂದರೆ ಜ್ವರ.

ಜ್ವರವಾದರೆ ಇನ್ನೂ ಕೆಲವು ಗುರುತು ಸಿಗುತ್ತವೆ. ಭುಜದ ಮುಂದಿನ ಗಂಟು ನಿಂಬೆಹಣ್ಣಿನ ಹಾಗೆ ಊದಿದೆಯಾ, ಮೈ ತುಂಬಾ ಉಣ್ಣೆ ಇವೆಯಾ, ಗಂಜಲ ಕಾಫಿ ಬಣ್ಣಕ್ಕೆ ತಿರುಗಿದೆಯಾ ನೋಡಿ. ಇವು ಉಣ್ಣೆಯಿಂದ ಬರುವ ಜ್ವರದ ಲಕ್ಷಣಗಳು. ಕಾಲು ಕುಂಟುತ್ತಾ ಮೈ ಬಿಗಿದಿದ್ದರೆ ಮೂರು ದಿನದ ಜ್ವರ ಇರಬಹುದು. ಜೊಲ್ಲಿನ ಜೊತೆ ನಾಲಿಗೆ, ಗೊರಸಿನ ಸಂದಿಯಲ್ಲಿ ಹುಣ್ಣಿದ್ದರೆ ಕಾಲುಬಾಯಿ ಜ್ವರ. ಇವು ಡಾಕ್ಟರ ಕೆಲಸ, ಕಾಯಬೇಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿಸಿಲಿಗೆ ಕಾದ ಮೈಗೆ ಜ್ವರದ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ಜ್ವರದಲ್ಲಿ ಮೈಯೇ ತನ್ನ ಬಿಸಿ ಏರಿಸಿಕೊಂಡಿರುತ್ತದೆ, ಔಷಧಿ ಅದನ್ನು ಇಳಿಸುತ್ತದೆ. ಬಿಸಿಲಲ್ಲಿ ಹಾಗಲ್ಲ, ಹೊರಗೆ ಹಾಕಲಾಗದೆ ಬಿಸಿ ಒಳಗೇ ಉಳಿದಿರುತ್ತದೆ. ಅದನ್ನು ತೆಗೆಯುವುದು ನೀರು ಮತ್ತು ಗಾಳಿ ಮಾತ್ರ.

ರಾತ್ರಿ ಹತ್ತಕ್ಕೆ ಮತ್ತೆ ಎಣಿಸಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಇದು. ಯಾರೂ ಮಾಡದಿರುವುದೂ ಇದನ್ನೇ.

ನಮ್ಮ ಹಾಸನ, ಚಿಕ್ಕಮಗಳೂರು ಸೀಮೆಗೆ ಒಂದು ಅನುಕೂಲ ಇದೆ. ಅರಸೀಕೆರೆ, ಕಡೂರು, ಬೀರೂರು ಕಡೆ ಹಗಲು ಎಷ್ಟೇ ಸುಟ್ಟರೂ ರಾತ್ರಿ ಗಾಳಿ ತಂಪಾಗುತ್ತದೆ. ಹಗಲಿಡೀ ತುಂಬಿಕೊಂಡ ಬಿಸಿಯನ್ನು ಹಸು ರಾತ್ರಿ ಹೊರಗೆ ಹಾಕಿದರೆ ಮಾರನೇ ದಿನಕ್ಕೆ ತಯಾರಾಗಿರುತ್ತದೆ. ರಾತ್ರಿಯೂ ಹಾಕಲಾಗದಿದ್ದರೆ ಇವತ್ತಿನ ಬಾಕಿ ನಾಳೆಗೆ, ನಾಳೆಯದು ನಾಡಿದ್ದಿಗೆ ಸೇರುತ್ತದೆ. ನಾಲ್ಕನೇ ದಿನ ಹಾಲು ಕುಸಿಯುತ್ತದೆ.

ಅಕ್ಕನ ಮನೆಯಲ್ಲಿ ರಾತ್ರಿ ಹತ್ತಕ್ಕೆ ಎಣಿಸಿದೆವು. ಕರಿ ಹಸು 70, ಚುಕ್ಕೆಯದು 66. ಅಂಗಳದಲ್ಲಿ ನಿಂತರೆ ನನಗೆ ತಂಪು ಗಾಳಿ ತಗಲುತ್ತಿತ್ತು. ಕೊಟ್ಟಿಗೆಯೊಳಗೆ ಕಾಲಿಟ್ಟ ಕೂಡಲೇ ಕನ್ನಡಕದ ಮೇಲೆ ಹಬೆ ಕೂತಿತು. ಅಲ್ಲಿಗೆ ಉತ್ತರ ಸಿಕ್ಕಿತು. ತೊಂದರೆ ಇದ್ದದ್ದು ಕೊಟ್ಟಿಗೆಯಲ್ಲಿ.

ಆ ಕೊಟ್ಟಿಗೆ ಎರಡು ವರ್ಷದ ಹಿಂದೆ ಕಟ್ಟಿದ್ದು. ಮೂರು ಕಡೆ ಸಿಮೆಂಟ್ ಇಟ್ಟಿಗೆ ಗೋಡೆ ಸೂರಿನವರೆಗೆ. ಮೇಲೆ ತಗಡಿನ ಶೀಟು, ನೆಲದಿಂದ ಏಳೂವರೆ ಅಡಿ. ಮುಂದೆ ಒಂದು ಬಾಗಿಲು. ರಾತ್ರಿ ಅದನ್ನೂ ಮುಚ್ಚುತ್ತಿದ್ದರು, ಚಿರತೆ ಭಯ. ಹಳೆಯ ಹಂಚಿನ ಕೊಟ್ಟಿಗೆಯಲ್ಲಿ ಇದೇ ಹಸುಗಳು ಬೇಸಿಗೆ ಕಳೆದಿದ್ದವು ಅಂತ ಭಾವ ನೆನಪು ಮಾಡಿಕೊಂಡರು. ಹಂಚಿನ ಸಂದಿಯಲ್ಲಿ ಬಿಸಿ ಗಾಳಿ ಮೇಲಕ್ಕೆ ಹೋಗುತ್ತಿತ್ತು. ತಗಡಿನಲ್ಲಿ ಸಂದಿಯೇ ಇಲ್ಲ. ನಾಲ್ಕು ಹಸು, ಒಂದು ಎತ್ತಿನ ಉಸಿರು, ಗಂಜಲದ ತೇವ ಎಲ್ಲ ಅಲ್ಲೇ ಸುತ್ತುತ್ತಿತ್ತು.

ತೇವದ ವಿಷಯ ಹಗುರವಾಗಿ ನೋಡಬೇಡಿ. 35 ಡಿಗ್ರಿ ಸೆಲ್ಸಿಯಸ್ ಒಣ ಬಿಸಿಲನ್ನು ಹಸು ಹೇಗೋ ತಡೆದುಕೊಳ್ಳುತ್ತದೆ. ಏಪ್ರಿಲ್ ಕೊನೆಯ ಮಳೆ ಸುರಿದ ಮಾರನೇ ದಿನ, 30 ಡಿಗ್ರಿಯೇ ಇದ್ದರೂ ಗಾಳಿಯಲ್ಲಿ ತೇವ ತುಂಬಿದ್ದರೆ ಅದಕ್ಕಿಂತ ಜಾಸ್ತಿ ತೇಕುತ್ತದೆ. ಮಳೆ ಬಂತು, ತಂಪಾಯಿತು ಅಂತ ನಾವು ಫ್ಯಾನ್ ಆರಿಸುವುದು ಆ ದಿನವೇ!

ಸರಿ ಮಾಡಿದ್ದು: ಒಂದೊಂದಾಗಿ

ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ. ಖರ್ಚಿಲ್ಲದ್ದು ಮೊದಲು.

ಮೊದಲನೇ ರಾತ್ರಿ ಹಸುಗಳನ್ನು ಅಂಗಳಕ್ಕೆ ತಂದು ಕಟ್ಟಿದೆವು. ಚಿರತೆಗೆ ಹೆದರಿ ಭಾವ ಜಗಲಿ ಮೇಲೆ ಮಲಗಿದರು, ಲೈಟು ಹಾಕಿಟ್ಟರು. ಹತ್ತೂವರೆಗೆ ಕರಿ ಹಸು 48. ಬೆಳಿಗ್ಗೆ ಐದಕ್ಕೆ 32. ಹಿಂದಿನ ದಿನ ಅದೇ ಹೊತ್ತಿಗೆ ಕೊಟ್ಟಿಗೆಯಲ್ಲಿ 54 ಇತ್ತು. ರೂಪಾಯಿ ಖರ್ಚಿಲ್ಲ. ಹೊರಗೆ ಕಟ್ಟಲು ಆಗದವರು ಗೋಡೆ ಒಡೆಯಬೇಕು. ಅಕ್ಕನ ಮನೆಯಲ್ಲಿ ಆಮೇಲೆ ಅದನ್ನೇ ಮಾಡಿದರು. ಎದುರುಬದುರು ಎರಡು ಗೋಡೆಗಳಲ್ಲಿ ಮೂರು ಅಡಿಯಿಂದ ಮೇಲಿನ ಇಟ್ಟಿಗೆ ತೆಗೆಸಿ ಗಟ್ಟಿ ಕಬ್ಬಿಣದ ಜಾಲರಿ ಕೂರಿಸಿದರು. ಚಿರತೆ ಬರಲ್ಲ, ಗಾಳಿ ಬರುತ್ತೆ.

ಎರಡನೆಯದು ನೀರು. ಅಕ್ಕ ದಿನಕ್ಕೆ ಮೂರು ಸಲ ಕಲಗಚ್ಚು ಬೆರೆಸಿ ಒಂದೊಂದು ಬಕೆಟ್ ಕೊಡುತ್ತಿದ್ದಳು. 18 ಲೀಟರಿನ ಬಕೆಟ್, ಅಂದರೆ 54 ಲೀಟರ್. ಈ ಹಾಲಿನ ಹಸುವಿಗೆ ಬೇಸಿಗೆಯಲ್ಲಿ 80ರಿಂದ 100 ಲೀಟರ್ ಬೇಕು. ಕಲಗಚ್ಚು ಕೊಡಿ, ತಪ್ಪಿಲ್ಲ. ಆದರೆ ಬೇಕಾದಾಗ ಬಾಯಿ ಹಾಕಲು ಬರೀ ನೀರೂ ಮುಂದೆ ಇರಬೇಕು, ರಾತ್ರಿಯೂ. ಇನ್ನೊಂದು ತಪ್ಪೂ ಸಿಕ್ಕಿತು. ನೀರು ಬರುತ್ತಿದ್ದದ್ದು ಸೂರಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಿಂದ. ಮೂರು ಗಂಟೆಗೆ ನಲ್ಲಿಗೆ ಕೈ ಒಡ್ಡಿದರೆ ಸ್ನಾನದ ನೀರು. ಟ್ಯಾಂಕಿಗೆ ಗೋಣಿಚೀಲ ಸುತ್ತಿ, ಪೈಪಿನ ಮೇಲೆ ಮಣ್ಣು ಮುಚ್ಚಿ, ತೊಟ್ಟಿಯನ್ನು ಹುಣಸೆ ಮರದ ನೆರಳಿಗೆ ಸರಿಸಿದೆವು. ನಿಮ್ಮ ಕೈಗೆ ಬೆಚ್ಚಗೆನಿಸಿದ ನೀರು ಹಸುವಿನ ಮೈ ತಣಿಸುವುದಿಲ್ಲ.

ಸೂರಿನ ಮೇಲೆ ತೆಂಗಿನ ಗರಿ ಎರಡು ಪದರ ಹೊದಿಸಿದೆವು. ಅರಸೀಕೆರೆಯಲ್ಲಿ ಗರಿಗೇನು ಬರ ಅಲ್ವಾ? ಗಾಳಿಗೆ ಹಾರದ ಹಾಗೆ ಅಡಿಕೆ ದಬ್ಬೆ ಅಡ್ಡ ಇಟ್ಟು ಕಟ್ಟಬೇಕು. ಕೆಲವರು ಸುಣ್ಣ ಬಳಿಯುತ್ತಾರೆ. ಅದೂ ಒಳ್ಳೆಯದೇ, ಮೊದಲ ಜೋರು ಮಳೆಯವರೆಗೆ.

ನೆನೆಸಿ, ಒಣಗಿಸಿ

ನೀರು ಹಾಕುವುದರಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಹಸುವಿನ ಮೈ ತಣಿಯುವುದು ನೀರು ಬಿದ್ದಾಗ ಅಲ್ಲ, ಬಿದ್ದ ನೀರು ಆವಿಯಾಗಿ ಹೋಗುವಾಗ. ಅದಕ್ಕೆ ಗಾಳಿ ಬೇಕು. ಗಾಳಿಯಿಲ್ಲದ ಮುಚ್ಚಿದ ಕೊಟ್ಟಿಗೆಯಲ್ಲಿ ನೀರು ಸಿಂಪಡಿಸಿದರೆ ಹಬೆ ತುಂಬಿ ಮೊದಲಿಗಿಂತ ಕಷ್ಟವಾಗುತ್ತದೆ. ಮಂಜಿನ ಹಾಗೆ ಸಣ್ಣಗೆ ಸಿಂಪಡಿಸುವ ಸಲಕರಣೆ ನಮ್ಮಂಥ ಕೊಟ್ಟಿಗೆಗೆ ಬೇಡ. ಆ ಹನಿ ಕೂದಲಿನ ತುದಿಯಲ್ಲೇ ಕೂರುತ್ತದೆ, ಚರ್ಮಕ್ಕೆ ಇಳಿಯುವುದಿಲ್ಲ.

ಸಾದಾ ಪೈಪಿನಲ್ಲಿ ಬೆನ್ನು, ಭುಜ, ಪಕ್ಕೆಗಳ ಮೇಲೆ ಒಂದೆರಡು ನಿಮಿಷ ನೀರು ಬಿಡಿ. ಕೈಯಿಂದ ಕೂದಲು ಬಿಡಿಸಿ ನೋಡಿ, ಚರ್ಮ ಒದ್ದೆಯಾಗಿರಬೇಕು. ಹೊಟ್ಟೆಯ ಕೆಳಗೆ ಧಾರೆಯಾಗಿ ಇಳಿದು ಕೆಚ್ಚಲು ನೆನೆಯುವ ಮುಂಚೆ ನಿಲ್ಲಿಸಿ, ಇಲ್ಲದಿದ್ದರೆ ಕೆಚ್ಚಲು ಬಾವು ಕರೆದ ಹಾಗೆ. ಆಮೇಲೆ ಹತ್ತು ಹದಿನೈದು ನಿಮಿಷ ಫ್ಯಾನ್. ಫ್ಯಾನಿನ ಗಾಳಿ ಬೆನ್ನಿನ ಮಟ್ಟಕ್ಕೆ ತಗಲಬೇಕು, ಸೂರಿನಿಂದ ನೇತುಹಾಕಿದರೆ ಮೇಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಬೆನ್ನು ಒಣಗುತ್ತಾ ಬಂದಾಗ ಮತ್ತೆ ನೀರು. ಹೀಗೆ ಮೂರು ಸುತ್ತು ಆದರೆ ಮುಕ್ಕಾಲು ಗಂಟೆ. ಅಕ್ಕನ ಮನೆಯಲ್ಲಿ ಹನ್ನೆರಡಕ್ಕೆ, ಎರಡೂವರೆಗೆ, ರಾತ್ರಿ ಎಂಟಕ್ಕೆ ಮಾಡುತ್ತಾರೆ. ಕರೆಂಟ್ ಹೋದರೆ ಹಸುವನ್ನು ಮರದ ಕೆಳಗೆ ಗಾಳಿಗೆ ತಂದು ನೀರು ಹಾಕುತ್ತಾರೆ. ಕರೆಯುವ ಹೊತ್ತಿಗೆ ಕೆಚ್ಚಲು ಒಣಗಿರಲಿ.

ಒದ್ದೆ ಗೋಣಿಚೀಲ ಬೆನ್ನಿಗೆ ಹೊದಿಸುವ ರೂಢಿ ಇದೆ. ಚೀಲ ಕಾದ ಮೇಲೆ ಅದು ಕಂಬಳಿಯಾಗುತ್ತದೆ. ಗಾಳಿ ಬರುವ ಕಡೆ ಪರದೆಯ ಹಾಗೆ ಇಳಿಬಿಟ್ಟು ನೆನೆಸಿ, ಅದೂ ಒಣ ಹವೆಯ ದಿನ ಮಾತ್ರ.

ಮೇವಿನ ಹೊತ್ತು ಬದಲಾಯಿಸಿ. ತಿಂದ ಕೆಲವು ಗಂಟೆಗೆ ಹೊಟ್ಟೆಯ ಬಿಸಿ ಏರುತ್ತದೆ. ಬೆಳಿಗ್ಗೆ ಹತ್ತಕ್ಕೆ ಹಾಕಿದ ಫೀಡ್ ಸರಿಯಾಗಿ ಉರಿಬಿಸಿಲಿನ ಹೊತ್ತಿಗೆ ಕಾಯುತ್ತದೆ. ಐದೂವರೆಗೆ ಒಂದು ಸಲ, ರಾತ್ರಿ ಎಂಟರ ಮೇಲೆ ದೊಡ್ಡ ಪಾಲು ಕೊಡಿ. ರಾಗಿ ಹುಲ್ಲನ್ನು ರಾತ್ರಿಗೆ ಇಡಿ, ಪೂರ್ತಿ ನಿಲ್ಲಿಸಬೇಡಿ. ನಿಲ್ಲಿಸಿ ಬರೀ ಫೀಡ್ ಜಾಸ್ತಿ ಮಾಡಿದರೆ ಹೊಟ್ಟೆ ಹುಳಿಯಾಗುತ್ತದೆ, ಸಗಣಿ ತೆಳ್ಳಗಾಗುತ್ತದೆ, ಫ್ಯಾಟ್ ಇಳಿಯುತ್ತದೆ. ತೇಕಿ ಜೊಲ್ಲು ಸುರಿಸಿದ ಹಸುವಿಗೆ ಆ ಹುಳಿ ತಡೆಯುವ ಶಕ್ತಿ ಮೊದಲೇ ಕಡಿಮೆ, ಏಕೆಂದರೆ ಹುಳಿ ಮುರಿಯುವುದು ಜೊಲ್ಲೇ. ಅದಕ್ಕೇ ಡಾಕ್ಟರು ಫೀಡಿನಲ್ಲಿ ಬೆಳಿಗ್ಗೆ 50, ರಾತ್ರಿ 50 ಗ್ರಾಂ ಅಡುಗೆ ಸೋಡಾ ಬೆರೆಸಲು ಹೇಳಿದರು. ಖನಿಜ ಮಿಶ್ರಣ ಎಂದಿನ ಹಾಗೆ.

ಕೈ ಮೀರಿದಾಗ

ನಾಲಿಗೆ ಹೊರಗೆ, ಬಾಯಿ ತೆರೆದು ತೇಕುತ್ತಿದೆ, ತೂರಾಡುತ್ತಿದೆ ಅಥವಾ ಬಿದ್ದಿದೆ, ಥರ್ಮಾಮೀಟರ್ 106ರ ಹತ್ತಿರ. ಡಾಕ್ಟರಿಗೆ ಫೋನ್ ಮಾಡಿ, ಅಥವಾ 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನ ಸಿಗುತ್ತದೆ. ಅವರು ಬರುವವರೆಗೆ ಹಸುವನ್ನು ನಡೆಸಬೇಡಿ, ಬಿದ್ದಲ್ಲೇ ನೆರಳು ಮಾಡಿ. ನೀರನ್ನು ಬಿಡದೆ ತಲೆ, ಕತ್ತು, ಹೊಟ್ಟೆ, ತೊಡೆಸಂದಿ ಎಲ್ಲದರ ಮೇಲೂ ಹರಿಸಿ. ಈಗ ಕೆಚ್ಚಲಿನ ಲೆಕ್ಕ ಬೇಡ. ಒಬ್ಬರು ಗಾಳಿ ಬೀಸಿ. 103ಕ್ಕೆ ಇಳಿದಾಗ ನೀರು ನಿಲ್ಲಿಸಿ. ಬಾಟಲಿಯಲ್ಲಿ ಮಜ್ಜಿಗೆ, ಬೆಲ್ಲದ ನೀರು ಬಾಯಿಗೆ ಬಿಡಬೇಡಿ. ತೇಕುವ ಹಸು ನುಂಗಲಾರದು, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಿಸಿಲಿಗೆ ಉಳಿದ ಹಸು ಇದರಿಂದ ಸಾಯುವುದಿದೆ. ತಾನೇ ತಲೆ ಎತ್ತಿ ಕುಡಿದರೆ ಕುಡಿಯಲಿ.

ಜೆರ್ಸಿಯ ಲೆಕ್ಕ ಮಾತ್ರ ಕೂಡಲಿಲ್ಲ

ಅಕ್ಕನ ಮನೆಯಲ್ಲಿ ಮೂರನೇ ದಿನದಿಂದ ಹಾಲು ಏರತೊಡಗಿತು. ಹನ್ನೆರಡನೇ ದಿನಕ್ಕೆ ಬೆಳಿಗ್ಗೆ 15, ಸಂಜೆ ಹತ್ತೂವರೆ. ಪೂರ್ತಿ ಹಳೇ ಲೆಕ್ಕಕ್ಕೆ ಬರಲಿಲ್ಲ. ಎರಡು ವಾರದಲ್ಲಿ ಕರು ಹಾಕಿದ ದಿನವೂ ದೂರವಾಯಿತು, ಕುಸಿದ ಹಾಲೆಲ್ಲ ವಾಪಸ್ ಬರುವುದಿಲ್ಲ. ಎಸ್‌ಎನ್‌ಎಫ್ 8.4. ಮಧ್ಯಾಹ್ನದ ಅಳ್ಳೆ ಎಚ್‌ಎಫ್‌ಗಳಲ್ಲಿ 56, 52. ಗಬ್ಬದ ಹಸು 48. ಹಾಲು ಕೊಡದ ಹಸುವಿಗೇಕೆ ಫ್ಯಾನ್ ಅಂತ ಭಾವ ಗೊಣಗಿದ್ದರು. ಕೊನೆಯ ಎರಡು ತಿಂಗಳು ಬಿಸಿಗೆ ಬೆಂದರೆ ಕರು ಸಣ್ಣದಾಗುತ್ತದೆ, ಮುಂದಿನ ಸೂಲಿನ ಹಾಲೂ ಕಡಿಮೆಯಾಗುತ್ತದೆ ಅಂದ ಮೇಲೆ ಸುಮ್ಮನಾದರು.

ಜೆರ್ಸಿ ಮಾತ್ರ 82ಕ್ಕಿಂತ ಕೆಳಗೆ ಬರಲಿಲ್ಲ. ಕೊಡುವುದು 6 ಲೀಟರ್, ತಿನ್ನುವುದೂ ಕಡಿಮೆ. ಅಂಥದ್ದು ಎಲ್ಲಕ್ಕಿಂತ ಜಾಸ್ತಿ ತೇಕಬಾರದು. ಬೆಳಗಿನ ಜಾವದ ಥರ್ಮಾಮೀಟರ್ 102, ಜ್ವರವಲ್ಲ. ಹತ್ತಿರ ಹೋಗಿ ಬೆನ್ನು ಸವರಿದೆ. ಬೇರೆಯವು ಏಪ್ರಿಲ್ ಹೊತ್ತಿಗೆ ಕೂದಲು ಉದುರಿಸಿ ನುಣುಪಾಗಿದ್ದವು. ಇದರ ಮೈಯಲ್ಲಿ ಒರಟು ಉದ್ದ ಕೂದಲು, ಕುರಿಯ ಹಾಗೆ. "ಇದಕ್ಕೆ ಕಾಲುಬಾಯಿ ಜ್ವರ ಬಂದಿತ್ತಾ?" ಅಂತ ಕೇಳಿದೆ. ಎರಡು ವರ್ಷದ ಹಿಂದೆ ಬಂದು ವಾಸಿಯಾಗಿತ್ತಂತೆ.

ಕಾಲುಬಾಯಿ ಜ್ವರದಿಂದ ಎದ್ದ ಕೆಲವು ಹಸುಗಳು ಹೀಗಾಗುತ್ತವೆ. ಹುಣ್ಣು ಮಾಯುತ್ತದೆ, ಮೈ ಬಿಸಿ ಹಿಡಿತದಲ್ಲಿ ಇಟ್ಟುಕೊಳ್ಳುವ ಶಕ್ತಿ ಮರಳಿ ಬರುವುದಿಲ್ಲ. ಕೂದಲು ಉದ್ದವಾಗುತ್ತದೆ, ಸ್ವಲ್ಪ ಬಿಸಿಲಿಗೇ ತೇಕುತ್ತವೆ, ಬೆದೆಗೂ ಸರಿಯಾಗಿ ಬರುವುದಿಲ್ಲ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ ಅಂತ ಡಾಕ್ಟರೂ ಹೇಳಿದರು. ಭಾವ ಕುರಿ ಕತ್ತರಿ ತಂದು ಕೂದಲು ಕತ್ತರಿಸಿದರು. ಫ್ಯಾನಿನ ಎದುರಿನ ಮೊದಲ ಜಾಗ ಅದಕ್ಕೆ ಬಿಟ್ಟರು. ಮಾರನೇ ಮಧ್ಯಾಹ್ನ ಎಣಿಸಿ ಅಕ್ಕ ಫೋನ್ ಮಾಡಿದಳು, 68. ಮಿಕ್ಕ ಮೂರಕ್ಕೂ ಕಾಲುಬಾಯಿ ಲಸಿಕೆಯ ದಿನ ಗೋಡೆ ಮೇಲೆ ಅಳ್ಳೆಯ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟಿದ್ದಾಳೆ.